‘ಬೇಗ ಬನ್ನಿ, ನೋಡ್ಕೊಳ್ಳಿ’: ಮ್ಯಾನೇಜರ್ ಮೆಸೇಜನ್ನು ಸ್ಪಷ್ಟ ಸೂಚನೆಯಾಗಿ ಬರೆಯುವ ಬಗೆ

ಅಂಗಡಿಯ ಮ್ಯಾನೇಜರ್ ಮೆಸೇಜ್ ಹಾಕುವುದು ಸಾಮಾನ್ಯವಾಗಿ ನಿಂತ ನಿಲುವಿನಲ್ಲೇ. ಕೌಂಟರ್ ಮುಂದೆ ಜನ, ಇನ್ನೊಂದು ಕಿವಿಯಲ್ಲಿ ಫೋನು. ಹೇಳಬೇಕಾದ್ದೆಲ್ಲ ಅವರ ತಲೆಯಲ್ಲಿ ಪೂರ್ತಿ ಇರುತ್ತದೆ, ಮೆಸೇಜಿಗೆ ಬರುವುದು ಅದರ ಅರ್ಧ ಮಾತ್ರ. ಆ ಅರ್ಧವನ್ನು ಡ್ಯೂಟಿ ಪಟ್ಟಿ ಮತ್ತು ಕೆಲಸದ ಹಾಳೆಯಾಗಿ ಬರೆದುಕೊಡುವ ಹೊಣೆ ಸೂಪರ್‌ವೈಸರ್ ಮೇಲೋ ಹಿರಿಯ ಕ್ಯಾಷಿಯರ್ ಮೇಲೋ ಬೀಳುತ್ತದೆ. ಭಾಷೆ ತಿದ್ದಿದರೆ ಈ ಕೆಲಸ ಮುಗಿಯುವುದಿಲ್ಲ. ಮೆಸೇಜಿನಲ್ಲಿ ಬಿಟ್ಟುಹೋಗಿರುವುದು ಏನು ಎಂದು ಕಂಡುಹಿಡಿಯಬೇಕು, ಅದನ್ನು ಕೇಳಿ ತುಂಬಿಸಬೇಕು, ಆಮೇಲೆ ಬರೆಯಬೇಕು.

ಒಂದೇ ಮೆಸೇಜನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡೋಣ. ಸಿಬ್ಬಂದಿಯ ಹೆಸರಿನ ಜಾಗದಲ್ಲಿ ಕ, ಚ, ತ, ಪ ಎಂಬ ಅಕ್ಷರಗಳನ್ನು ಬಳಸಿದೆ. ಮಾರ್ಚ್ 10, ಸೋಮವಾರ ಮಧ್ಯಾಹ್ನ 3 ಗಂಟೆಗೆ ಗ್ರೂಪಿಗೆ ಬಂದ ಮೆಸೇಜ್ ಹೀಗಿದೆ ಎಂದುಕೊಳ್ಳಿ:

> ನಾಳೆ ಯಾರಾದ್ರೂ ಸ್ವಲ್ಪ ಬೇಗ ಬನ್ನಿ, ಲೋಡ್ ಬರ್ತಿದೆ. ಕ ಹುಷಾರಿಲ್ಲ ಅಂತ ರಜೆ ಹಾಕಿದಾರೆ, ಅವರ ಬದಲು ನೋಡ್ಕೊಳ್ಳಿ. ಫ್ರಿಜ್ ಡೇಟ್ ಚೆಕ್ ಇನ್ನೂ ಆಗಿಲ್ಲ!! ಟೈಮ್ ಸಿಕ್ರೆ ಆಫರ್ ಬೋರ್ಡೂ ಚೇಂಜ್ ಮಾಡಿ. ಸಂಜೆ ನಾನಿರಲ್ಲ, ಕ್ಲೋಸಿಂಗ್ ನೀವೇ ಮಾಡ್ಕೊಳಿ.

ಅಂಗಡಿ ತೆರೆದಿರುವುದು ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ. ಮಾಮೂಲಿ ದಿನ ಕ ಮತ್ತು ಚ ಬೆಳಗಿನ ಪಾಳಿ, 8:30ರಿಂದ 17:00. ತ ಮತ್ತು ಪ ಸಂಜೆ ಪಾಳಿ, 12:45ರಿಂದ 21:15. ಎಲ್ಲರಿಗೂ ಅರ್ಧ ಗಂಟೆ ವಿರಾಮ. ಅಂಗಡಿ ತೆರೆದಿರುವಾಗ ಒಳಗೆ ಕನಿಷ್ಠ ಇಬ್ಬರು ಇರಬೇಕು, ಒಬ್ಬರು ಬಿಲ್ಲಿಂಗ್‌ಗೆ, ಇನ್ನೊಬ್ಬರು ರ‍್ಯಾಕುಗಳ ಕಡೆಗೆ.

## ಮೊದಲು ಮೆಸೇಜನ್ನು ಬಿಡಿಸಿ

ಒಂದು ಸಾಲಿಗೆ ಒಂದು ವಿಷಯದಂತೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿ ಐದು ವಿಷಯ ಸಿಗುತ್ತವೆ: ಬೇಗ ಬರುವುದು, ಕ ಅವರ ಗೈರು, ಫ್ರಿಜ್ ತಪಾಸಣೆ, ಆಫರ್ ಬೋರ್ಡು, ರಾತ್ರಿ ಮುಚ್ಚುವುದು. ಮೊದಲ ಎರಡು ‘ಯಾರು ಯಾವಾಗ ಇರಬೇಕು’ ಎಂಬುದಕ್ಕೆ ಸೇರಿದವು, ಡ್ಯೂಟಿ ಪಟ್ಟಿಗೆ ಹೋಗಬೇಕು. ಮುಂದಿನ ಎರಡು ಕೆಲಸದ ಹಾಳೆಗೆ. ಕೊನೆಯದು ಎರಡಕ್ಕೂ ಸೇರುತ್ತದೆ.

ಈ ಎರಡನ್ನು ಒಂದೇ ಪ್ಯಾರಾದಲ್ಲಿ ಬೆರೆಸಬಾರದು. ಡ್ಯೂಟಿ ಪಟ್ಟಿಯನ್ನು ಜನ ನೋಡುವುದು ಹಿಂದಿನ ದಿನ, ಮನೆಯಲ್ಲಿ ಕೂತು. ಕೆಲಸದ ಹಾಳೆಯನ್ನು ನೋಡುವುದು ಅದೇ ದಿನ, ಅಂಗಡಿಯೊಳಗೆ ನಿಂತು. ಎರಡೂ ಸೇರಿಕೊಂಡರೆ ತಮ್ಮ ಗಂಟೆ ಹುಡುಕುವವರು ಕೆಲಸಗಳ ಸಾಲನ್ನು ಹಾರಿಸಿ ಓದುತ್ತಾರೆ, ಆ ಸಾಲಿಗೆ ಮತ್ತೆ ಮರಳುವುದಿಲ್ಲ.

## ತೂತು ಹುಡುಕುವುದು

ಇನ್ನು ಒಂದೊಂದು ಸಾಲಿಗೂ ಇದೇ ಪ್ರಶ್ನೆಗಳನ್ನು ಹಾಕಿ: ಯಾರು? ಎಲ್ಲಿ? ಎಷ್ಟು ಗಂಟೆಗೆ ಶುರು, ಎಷ್ಟರೊಳಗೆ ಮುಗಿಯಬೇಕು? ಮುಗಿದಿದೆ ಎಂದು ಹೇಗೆ ಗೊತ್ತಾಗಬೇಕು? ಆಗದಿದ್ದರೆ ಯಾರಿಗೆ ಹೇಳಬೇಕು? ಉತ್ತರ ಮೆಸೇಜಿನಲ್ಲೇ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ‘ಅವರು ಹೇಳಿದ್ದು ಇದೇ ಇರಬೇಕು’ ಎಂದು ನೀವಾಗಿ ತುಂಬಿಸಬೇಡಿ. ನೀವು ಊಹಿಸಿ ಬರೆದದ್ದೂ ಮ್ಯಾನೇಜರ್ ಹೇಳಿದ್ದೂ ಹಾಳೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಓದುವವರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇರುವುದಿಲ್ಲ.

‘ಯಾರಾದ್ರೂ’ ಎಂಬುದು ಈ ಮೆಸೇಜಿನ ಅತಿ ದೊಡ್ಡ ತೂತು. ನಾಲ್ವರಿಗೆ ಹೋದ ಮಾತಿಗೆ ಒಡೆಯರಿಲ್ಲ. ಒಂದೋ ಎಲ್ಲರೂ ಇನ್ನೊಬ್ಬರು ಹೋಗುತ್ತಾರೆ ಎಂದುಕೊಳ್ಳುತ್ತಾರೆ, ಇಲ್ಲವೇ ಇಬ್ಬರು ಬಂದು ಹೆಚ್ಚುವರಿ ಗಂಟೆ ಲೆಕ್ಕ ಕೇಳುತ್ತಾರೆ. ಇನ್ನೂ ಒಂದು ತೊಡಕಿದೆ: ಆ ‘ಯಾರಾದ್ರೂ’ ತ ಅಥವಾ ಪ ಆಗಿಬಿಟ್ಟರೆ? ಸೋಮವಾರ ರಾತ್ರಿ 21:15ಕ್ಕೆ ಮುಚ್ಚಿ ಹೋದವರು ಮಂಗಳವಾರ 7:00ಕ್ಕೆ ಬಂದರೆ ನಡುವೆ ಸಿಗುವುದು 9 ಗಂಟೆ 45 ನಿಮಿಷ. ಎರಡು ಪಾಳಿಗಳ ನಡುವೆ ಎಷ್ಟು ಬಿಡುವು ಇರಬೇಕೆಂದು ಬಹಳ ಕಡೆ ಕಾನೂನೇ ಹೇಳುತ್ತದೆ. ಯೂರೋಪ್ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದಲ್ಲಿ ಅದು ಪ್ರತಿ 24 ಗಂಟೆಗೆ ಸತತ 11 ಗಂಟೆ. ನಿಮ್ಮಲ್ಲಿ ಅನ್ವಯಿಸುವ ಮಿತಿ ಏನೆಂದು ತಿಳಿದಿಟ್ಟುಕೊಂಡು, ಪಾಳಿ ಬದಲಾದಾಗಲೆಲ್ಲ ಹಿಂದಿನ ರಾತ್ರಿಯ ಸಾಲನ್ನೂ ಪಕ್ಕದಲ್ಲಿಟ್ಟು ನೋಡಿ.

‘ನಾಳೆ’ ಎಂಬುದು ಬರೆದ ಹೊತ್ತಿಗೆ ಸರಿ, ಓದುವ ಹೊತ್ತಿಗೆ ಸರಿಯಿಲ್ಲದಿರಬಹುದು. ರಾತ್ರಿ ಬಂದ ಮೆಸೇಜನ್ನು ಬೆಳಗ್ಗೆ ಎದ್ದು ಓದಿದವರಿಗೆ ನಾಳೆ ಎಂದರೆ ಮರುದಿನ. ವಾರ ಮತ್ತು ದಿನಾಂಕ ಎರಡನ್ನೂ ಬರೆಯಿರಿ: ಮಾರ್ಚ್ 11, ಮಂಗಳವಾರ. ಎರಡೂ ಇದ್ದರೆ ಒಂದರಲ್ಲಾದ ತಪ್ಪು ಇನ್ನೊಂದರಿಂದ ಸಿಕ್ಕಿಬೀಳುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 11/3 ಎಂಬುದನ್ನು ಕೆಲವರು ನವೆಂಬರ್ 3 ಎಂದೂ ಓದುತ್ತಾರೆ. ಗಂಟೆಗೂ ಇದೇ ಎಚ್ಚರಿಕೆ ಬೇಕು. ‘12 ಗಂಟೆ’ ಎಂದರೆ ಮಧ್ಯಾಹ್ನವೋ ರಾತ್ರಿಯೋ ಎಂಬ ಪ್ರಶ್ನೆಯೇ ಬಾರದಂತೆ 24 ಗಂಟೆಯ ಲೆಕ್ಕ ಹಿಡಿಯಿರಿ.

‘ನೋಡ್ಕೊಳ್ಳಿ’, ‘ಅಡ್ಜಸ್ಟ್ ಮಾಡ್ಕೊಳ್ಳಿ’, ‘ಸರಿ ಮಾಡಿ’ ಇವು ಕೆಲಸವನ್ನು ಹೇಳದೆ ಕೆಲಸ ಒಪ್ಪಿಸುವ ಮಾತುಗಳು. ‘ಕ ಅವರ ಬದಲು ನೋಡ್ಕೊಳ್ಳಿ’ ಎಂದರೆ ಬದಲಿಗೆ ಒಬ್ಬರನ್ನು ಕರೆಯಿರಿ ಎಂದೋ, ಇರುವವರೇ ಅವರ ಕೆಲಸ ಹಂಚಿಕೊಳ್ಳಿ ಎಂದೋ? ಎರಡರ ಖರ್ಚೂ ಬೇರೆ, ಪರಿಣಾಮವೂ ಬೇರೆ. ಇಂಥ ಕ್ರಿಯಾಪದ ಕಂಡಲ್ಲೆಲ್ಲ ಗೆರೆ ಎಳೆದು, ಕೈಯಿಂದ ಆಗುವ ಕೆಲಸದ ಹೆಸರು ಬರುವವರೆಗೆ ಕೇಳಿ: ಎಣಿಸಿ, ತೆಗೆಯಿರಿ, ಅಂಟಿಸಿ, ಬೀಗ ಹಾಕಿ, ಫೋನ್ ಮಾಡಿ.

‘ಟೈಮ್ ಸಿಕ್ರೆ’ ಎಂಬುದನ್ನು ಬಹಳ ಜನ ಬರೆಯುವಾಗ ಕಳೆದುಬಿಡುತ್ತಾರೆ. ಹಾಳೆಯಲ್ಲಿ ‘ಬೋರ್ಡ್ ಬದಲಿಸಿ’ ಎಂದಷ್ಟೇ ಬಂದರೆ ಐಚ್ಛಿಕವಾಗಿದ್ದದ್ದು ಕಡ್ಡಾಯವಾಯಿತು. ಉಲ್ಟಾ ತಪ್ಪೂ ಆಗುತ್ತದೆ. ಫ್ರಿಜ್ ಬಗ್ಗೆ ಮ್ಯಾನೇಜರ್ ಬರೆದಿರುವುದು ‘ಇನ್ನೂ ಆಗಿಲ್ಲ’ ಎಂಬ ವರದಿ, ರೂಪದಲ್ಲಿ ಆದೇಶವಲ್ಲ. ಆದರೆ ಆ ಎರಡು ಆಶ್ಚರ್ಯಸೂಚಕಗಳನ್ನು ನೋಡಿದರೆ ಪಟ್ಟಿಯಲ್ಲಿ ಅದೇ ಅತಿ ಕಡ್ಡಾಯದ್ದು. ಮಾತಿನ ತೂಕವನ್ನು ಏರಿಸಲೂ ಬಾರದು, ಇಳಿಸಲೂ ಬಾರದು. ಸಂಶಯವಿದ್ದರೆ ‘ಕಡ್ಡಾಯವೋ, ಸಮಯವಿದ್ದರೆ ಮಾತ್ರವೋ’ ಎಂದು ನೇರ ಕೇಳಿ.

ಕೊನೆಗೆ, ಮೆಸೇಜಿನಲ್ಲಿ ಹೆಸರೇ ಇಲ್ಲದ ವಸ್ತುವೊಂದು ಉಳಿದಿದೆ. ಬೆಳಗ್ಗೆ ಬಾಗಿಲು ತೆಗೆಯುವ ಕೀ ಯಾರ ಹತ್ತಿರ ಇರುತ್ತದೆ? ಕ ಅವರ ಹತ್ತಿರ. ಅವರು ನಾಳೆ ಬರುವುದಿಲ್ಲ. ಲೋಡ್ ಗಾಡಿ ಹೊರಗೆ ನಿಂತ ಮೇಲೆ ಗೊತ್ತಾಗಬೇಕಾದ ವಿಷಯ ಇದಲ್ಲ. ಯಾರಾದರೂ ರಜೆ ಎಂದ ಕೂಡಲೇ ಅವರ ಗಂಟೆಗಳಷ್ಟೇ ಅಲ್ಲ, ಅವರ ಕೈಯಲ್ಲಿರುವ ಕೀ, ಬಿಲ್ಲಿಂಗ್ ಲಾಗಿನ್, ರಿಜಿಸ್ಟರ್, ಫೋನ್ ಇವೆಲ್ಲ ಯಾರಿಗೆ ಹೋಗುತ್ತವೆ ಎಂದು ನೋಡಬೇಕು.

## ಮ್ಯಾನೇಜರನ್ನು ಕೇಳುವುದು

ಎಲ್ಲ ಪ್ರಶ್ನೆಗಳನ್ನು ಒಂದೇ ಸಲ, ಅಂಕಿ ಹಾಕಿ, ಆಯ್ಕೆ ಕೊಟ್ಟು ಕಳಿಸಿ. ‘ನಾಳೆ ಹೇಗೆ ಮಾಡೋಣ ಸಾರ್?’ ಎಂದು ಕೇಳಿದರೆ ‘ನೋಡ್ಕೊಳ್ಳಿ’ ಎಂದೇ ಉತ್ತರ ಬರುತ್ತದೆ. ಹೀಗೆ ಕೇಳಿದರೆ ಅವರು ಅಂಕಿ ಹಾಕಿ ಒಂದೊಂದು ಪದದಲ್ಲಿ ಉತ್ತರಿಸಬಹುದು:

> 1. ಲೋಡ್ ಎಷ್ಟು ಗಂಟೆಗೆ? ಚ ಅವರು 7:00ಕ್ಕೆ ಬಂದು 15:30ಕ್ಕೆ ಹೋಗಬಹುದೇ?
> 2. ಕ ಬದಲಿಗೆ ಹೊರಗಿನವರನ್ನು ಕರೆಯುವುದೋ, ಇರುವವರಲ್ಲೇ ಮಾಡುವುದೋ?
> 3. ಫ್ರಿಜ್ ಚೆಕ್ ನಾಳೆಯೇ ಕಡ್ಡಾಯವೇ? ಎರಡೂ ಫ್ರಿಜ್ಜೇ?
> 4. ಹೊಸ ಆಫರ್ ಯಾವ ದಿನದಿಂದ?
> 5. ನೀವು ಎಷ್ಟು ಗಂಟೆಯವರೆಗೆ ಇರುತ್ತೀರಿ? ಕ್ಲೋಸಿಂಗ್ ಜವಾಬ್ದಾರಿ ಯಾರದು, ಕೀ ಯಾರಿಗೆ ಕೊಡುತ್ತೀರಿ?
> 6. ಬೆಳಗಿನ ಕೀ ಕ ಹತ್ತಿರ ಇದೆ. ಇವತ್ತು 17:00ಕ್ಕೆ ಚಗೆ ಕೊಡಿಸಲೇ?

ಆರನೆಯದಕ್ಕೆ ಗಡುವು ಇದೆ. ಕ, ಚ ಇಬ್ಬರೂ 17:00ಕ್ಕೆ ಹೊರಡುತ್ತಾರೆ. ಮೆಸೇಜ್ ಬಂದದ್ದು 15:00ಕ್ಕೆ, ಹಾಗಾಗಿ ಈ ಇಡೀ ಕೆಲಸಕ್ಕೆ ಎರಡು ಗಂಟೆಯೂ ಇಲ್ಲ. ಗಡುವಿರುವ ಪ್ರಶ್ನೆಯನ್ನು ಮೆಸೇಜಿನಲ್ಲಿ ಬಿಟ್ಟು ಕಾಯಬೇಡಿ, ಫೋನ್ ಮಾಡಿ.

ಬಂದ ಉತ್ತರಗಳು: ಲೋಡ್ 7:30ಕ್ಕೆ. ಚ 7:00ರಿಂದ 15:30, ಸರಿ. ಹೊರಗಿನವರು ಬೇಡ, ತ ಅವರನ್ನು ಬೆಳಗಿನ ಪಾಳಿಗೆ ಹಾಕಿ. ಎರಡೂ ಫ್ರಿಜ್, ಕಡ್ಡಾಯ. ಆಫರ್ ಬುಧವಾರದಿಂದ. ನಾನು 8:30ರಿಂದ 16:00ರವರೆಗೆ ಇರುತ್ತೇನೆ. ಕ್ಲೋಸಿಂಗ್ ಪ, ಕೀ ಅವರಿಗೇ ಕೊಡುತ್ತೇನೆ. ಕೀ ಚಗೆ ಕೊಡಿಸಿ.

## ಡ್ಯೂಟಿ ಪಟ್ಟಿಗೆ ತಲೆ ಎಣಿಸಿ

ಉತ್ತರ ಬಂತೆಂದು ನೇರ ಬರೆಯಲು ಕೂರಬೇಡಿ. ಜನ ಬರುವ ಅಥವಾ ಹೋಗುವ ಪ್ರತಿ ಹೊತ್ತಿನಲ್ಲಿ ಗೆರೆ ಎಳೆದು, ಆ ಅವಧಿಯಲ್ಲಿ ಅಂಗಡಿಯಲ್ಲಿ ಎಷ್ಟು ತಲೆ ಎಂದು ಎಣಿಸಿ. ಮ್ಯಾನೇಜರ್ ಹೇಳಿದಂತೆ ತ ಅವರನ್ನು 8:30ರಿಂದ 17:00ಕ್ಕೆ ಹಾಕಿದರೆ ಬೆಳಗಿನ ಹೊತ್ತು ಚೆನ್ನಾಗಿಯೇ ತುಂಬುತ್ತದೆ. ಆದರೆ 17:00 ಆದ ಮೇಲೆ ರಾತ್ರಿವರೆಗೆ ಪ ಒಬ್ಬರೇ. ಬಿಲ್ಲಿಂಗೂ ಅವರೇ, ರ‍್ಯಾಕೂ ಅವರೇ, ಕೊನೆಗೆ ಕ್ಯಾಷ್ ಎಣಿಸುವುದೂ ಒಬ್ಬರೇ. ಮೆಸೇಜು ಬೆಳಗಿನ ತಾಪತ್ರಯದ ಬಗ್ಗೆ ಇದ್ದದ್ದರಿಂದ ಸಂಜೆಯ ತೂತು ಯಾರ ಕಣ್ಣಿಗೂ ಬೀಳಲಿಲ್ಲ.

ಮ್ಯಾನೇಜರ್ 8:30ರಿಂದ ಇರುವುದರಿಂದ ದಾರಿ ಇದೆ. 12:45ರವರೆಗೆ ಎರಡನೆಯ ತಲೆ ಅವರದೇ ಆಗಲಿ, ತ ತಮ್ಮ ಮಾಮೂಲಿ ಪಾಳಿಯಲ್ಲೇ ಉಳಿಯಲಿ. ಇದನ್ನು ನೀವೇ ತೀರ್ಮಾನಿಸಬೇಡಿ. ಎಣಿಕೆ ತೋರಿಸಿ, ಒಪ್ಪಿಗೆ ಪಡೆದು ಬರೆಯಿರಿ.

| ಮಾರ್ಚ್ 11, ಮಂಗಳವಾರ | ಸಮಯ | ವಿರಾಮ | ಷರಾ |
|---|---|---|---|
| ಕ | ರಜೆ | – | |
| ಚ | 7:00–15:30 | 12:45–13:15 | ಬದಲಾಗಿದೆ |
| ತ | 12:45–21:15 | 14:30–15:00 | ವಿರಾಮ ಬದಲಾಗಿದೆ |
| ಪ | 12:45–21:15 | 15:00–15:30 | ವಿರಾಮ ಬದಲಾಗಿದೆ, ಕ್ಲೋಸಿಂಗ್ ಜವಾಬ್ದಾರಿ |
| ಮ್ಯಾನೇಜರ್ | 8:30–16:00 | 13:15–13:45 | 12:45ರವರೆಗೆ ಎರಡನೆಯ ತಲೆ ಇವರದೇ |

ವಿರಾಮದ ಕಂಬವನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ತ ಎಂದಿನಂತೆ ಸಂಜೆ 6ಕ್ಕೆ ಊಟದ ವಿರಾಮಕ್ಕೆ ಹೋಗುತ್ತಿದ್ದರು, ಜನ ಹೆಚ್ಚಿರುವ ಹೊತ್ತಿನಲ್ಲಿ ಪ ಒಬ್ಬರೇ ನಿಲ್ಲುತ್ತಿದ್ದರು. ಚ 15:30ಕ್ಕೆ ಹೊರಟ ಮೇಲೆ ಮ್ಯಾನೇಜರ್ ಇರುವುದು ಇನ್ನರ್ಧ ಗಂಟೆ ಮಾತ್ರ, ಅಷ್ಟರೊಳಗೆ ಇಬ್ಬರ ವಿರಾಮವೂ ಮುಗಿದಿರಬೇಕು. ಇದಕ್ಕೊಂದು ಬೆಲೆಯೂ ಇದೆ. ಸಂಜೆಯ ಇಬ್ಬರೂ ಕೊನೆಯ ಐದೂಮುಕ್ಕಾಲು ಗಂಟೆಯಾದರೂ ವಿರಾಮವಿಲ್ಲದೆ ನಿಲ್ಲಬೇಕಾಗುತ್ತದೆ. ಪಟ್ಟಿ ಕಳಿಸುವಾಗ ಇದನ್ನು ಮ್ಯಾನೇಜರ್ ಗಮನಕ್ಕೆ ತನ್ನಿ, ನಡುವೆ ಹತ್ತು ನಿಮಿಷ ಬಿಡುವು ಕೊಡುವುದೋ ಇಲ್ಲವೋ ಅವರು ಹೇಳಲಿ.

ಷರಾ ಕಂಬದ ‘ಬದಲಾಗಿದೆ’ ಬಿಡಬೇಡಿ. ದಿನಾ ನೋಡುವ ಪಟ್ಟಿಯನ್ನು ಜನ ಓದುವುದಿಲ್ಲ, ಕಣ್ಣಾಡಿಸುತ್ತಾರೆ. ಹಾಗೆಯೇ ಕ ಅವರ ಎದುರು ‘ರಜೆ’ ಎಂದಷ್ಟೇ ಇದೆ, ‘ಹುಷಾರಿಲ್ಲ’ ಎಂದಿಲ್ಲ. ಒಬ್ಬರ ಆರೋಗ್ಯದ ವಿಷಯ ಗೋಡೆಗೆ ಅಂಟಿಸುವ ಹಾಳೆಗೆ ಬೇಕಾಗಿಲ್ಲ.

## ಕೆಲಸದ ಹಾಳೆ

ಒಂದು ಕೆಲಸಕ್ಕೆ ಒಂದು ಹೆಸರು, ಒಂದು ವಾಕ್ಯಕ್ಕೆ ಒಂದು ಕ್ರಿಯೆ. ಕಚೇರಿಯ ‘ಮಾಡತಕ್ಕದ್ದು’, ‘ಪರಿಶೀಲಿಸಲಾಗುವುದು’ ಬೇಡ. ಇದರಲ್ಲಿ ಮಾಡುವವರು ಯಾರೆಂಬುದೇ ಮಾಯವಾಗುತ್ತದೆ. ‘ಎಣಿಸಿ’, ‘ಬರೆಯಿರಿ’ ಎಂಬ ರೂಪ ಗೌರವಕ್ಕೂ ಸರಿ, ಸ್ಪಷ್ಟತೆಗೂ ಸರಿ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ಮಾತಾಡುವ ರೂಢಿ ನಮಗೆ ಸಹಜ, ‘ಬೆಳಗ್ಗೆ ಬಂದು ಬಾಗಿಲು ತೆಗೀಬೇಕು’ ಎಂದು ಬರೆದುಬಿಡುತ್ತೇವೆ. ಹಾಳೆಯಲ್ಲಿ ಮಾತ್ರ ಪ್ರತಿ ಕೆಲಸದ ತಲೆಯ ಮೇಲೆ ಹೆಸರು ಇರಲೇಬೇಕು.

> ಚ – ಲೋಡ್ ಇಳಿಸಿಕೊಳ್ಳುವುದು, 7:00–9:00
> 1. ಇಂದು (ಸೋಮವಾರ) 17:00ಕ್ಕೆ ಕ ಅವರಿಂದ ಹಿಂಬಾಗಿಲ ಕೀ ಪಡೆಯಿರಿ.
> 2. ಗಾಡಿಯಿಂದ ಇಳಿದ ಬಾಕ್ಸ್‌ಗಳನ್ನು ಡೆಲಿವರಿ ಚೀಟಿಯ ಜೊತೆ ಎಣಿಸಿ ನೋಡಿ.
> 3. ಕಡಿಮೆ ಇದ್ದರೆ ಅಥವಾ ಒಡೆದಿದ್ದರೆ ಚೀಟಿಯ ಮೇಲೆ ಸಂಖ್ಯೆ ಬರೆಯಿರಿ. ಆಮೇಲೆ ಸಹಿ ಹಾಕಿ.
> 4. ತಂಪಿನಲ್ಲಿಡುವ ಬಾಕ್ಸ್‌ಗಳನ್ನು ಮೊದಲು ಫ್ರಿಜ್‌ಗೆ ಸೇರಿಸಿ. ಉಳಿದದ್ದು ಗೋಡೌನ್‌ಗೆ.
> 5. 7:45ಕ್ಕೂ ಗಾಡಿ ಬಾರದಿದ್ದರೆ ಮ್ಯಾನೇಜರ್‌ಗೆ ಫೋನ್ ಮಾಡಿ.
>
> ಪ – ಫ್ರಿಜ್ 1 ಮತ್ತು 2, ದಿನಾಂಕ ತಪಾಸಣೆ, 13:15–14:15 (ಕಡ್ಡಾಯ)
> 1. ಫ್ರಿಜ್ 1ರ ಮೇಲಿನ ಹಲಗೆಯಿಂದ ಶುರು ಮಾಡಿ. ಪ್ರತಿ ಪ್ಯಾಕ್ ತೆಗೆದು ದಿನಾಂಕ ನೋಡಿ, ಹಿಂದಿನ ಸಾಲಿನವುಗಳನ್ನೂ ನೋಡಿ.
> 2. ದಿನಾಂಕ ಮುಗಿದದ್ದನ್ನು ‘ಮಾರಾಟಕ್ಕಿಲ್ಲ’ ಡಬ್ಬಕ್ಕೆ ಹಾಕಿ. ಹೆಸರು, ಸಂಖ್ಯೆ, ದಿನಾಂಕ ರಿಜಿಸ್ಟರ್‌ನಲ್ಲಿ ಬರೆಯಿರಿ.
> 3. ಮಾರ್ಚ್ 12 ಅಥವಾ 13ಕ್ಕೆ ಮುಗಿಯುವುದನ್ನು ಮುಂದಿನ ಸಾಲಿಗೆ ತನ್ನಿ.
> 4. ಮುಗಿದ ಮೇಲೆ ರಿಜಿಸ್ಟರ್‌ಗೆ ಸಹಿ ಹಾಕಿ, ಪುಟದ ಫೋಟೊ ಮ್ಯಾನೇಜರ್‌ಗೆ ಕಳಿಸಿ. ಏನೂ ಸಿಗದಿದ್ದರೆ ‘ಇಲ್ಲ’ ಎಂದು ಬರೆಯಿರಿ.

ಸಹಿಯ ಮುಂಚೆ ಸಂಖ್ಯೆ ಬರೆಯಿರಿ ಎಂಬ ಕ್ರಮಕ್ಕೆ ಕಾರಣವಿದೆ. ಸಹಿ ಹಾಕಿದ ಮೇಲೆ ಎಣಿಸಿದರೆ ಕಡಿಮೆ ಬಂದದ್ದನ್ನು ಸಾಬೀತು ಮಾಡುವುದು ಕಷ್ಟ. ಇನ್ನು ‘ಇಲ್ಲ’ ಎಂದು ಬರೆಸುವುದು ಏಕೆಂದರೆ, ಖಾಲಿ ಪುಟ ನೋಡಿದವರಿಗೆ ತಪಾಸಣೆ ಆಗಿ ಏನೂ ಸಿಗಲಿಲ್ಲವೋ, ತಪಾಸಣೆಯೇ ಆಗಲಿಲ್ಲವೋ ತಿಳಿಯದು. 13:15ಕ್ಕೇ ಇಟ್ಟಿರುವುದೂ ಎಣಿಕೆಯ ಫಲ: ಆಗ ಒಳಗೆ ಮೂವರಿರುತ್ತಾರೆ, ಪ ಫ್ರಿಜ್ ಮುಂದೆ ಕೂತರೂ ಕೌಂಟರ್ ಖಾಲಿ ಬೀಳುವುದಿಲ್ಲ.

ಆಫರ್ ಬೋರ್ಡ್ ಈ ಹಾಳೆಯಲ್ಲೇ ಇಲ್ಲ, ಗಮನಿಸಿ. ಹೊಸ ಆಫರ್ ಬುಧವಾರದ್ದು. ಮಂಗಳವಾರವೇ ಬೋರ್ಡ್ ಹಾಕಿದರೆ ಗಿರಾಕಿ ನೋಡುವ ಬೆಲೆ ಒಂದು, ಬಿಲ್ಲಿಂಗ್‌ನಲ್ಲಿ ಬರುವ ಬೆಲೆ ಇನ್ನೊಂದು, ಜಗಳ ಕೌಂಟರ್‌ನಲ್ಲಿ. ರಾತ್ರಿ ಮುಚ್ಚಿದ ಮೇಲೆ ಸಿಗುವ ಹದಿನೈದು ನಿಮಿಷ ಕ್ಯಾಷ್ ಎಣಿಕೆಗೇ ಬೇಕು. ಅದು ಬುಧವಾರದ ಹಾಳೆಯ ಮೊದಲ ಸಾಲಾಗಿ 8:30–9:00ಕ್ಕೆ ಹೋಗಲಿ. ‘ಟೈಮ್ ಸಿಕ್ರೆ’ ಎಂಬುದು ಇಲ್ಲಿ ತಾನಾಗಿ ಬಿದ್ದುಹೋಗುತ್ತದೆ, ಏಕೆಂದರೆ ಆಫರ್ ಶುರುವಾಗುವ ದಿನ ಬೋರ್ಡ್ ಇರಲೇಬೇಕು. ಹೀಗೆ ತೂಕ ಬದಲಾದದ್ದನ್ನೂ ಮ್ಯಾನೇಜರ್‌ಗೆ ಹೇಳಿ ಒಪ್ಪಿಗೆ ಪಡೆಯಿರಿ.

> ಪ (ಜೊತೆಗೆ ತ) – ಕ್ಲೋಸಿಂಗ್, 21:00–21:15
> 1. ಪ 16:00ಕ್ಕೆ ಮ್ಯಾನೇಜರ್ ಹೊರಡುವ ಮೊದಲು ಅವರಿಂದ ಕೀ ಪಡೆಯಿರಿ.
> 2. ಪ 21:00ಕ್ಕೆ ಶೆಟರ್ ಅರ್ಧ ಇಳಿಸಿ. ತ ಒಳಗಿರುವ ಗಿರಾಕಿಗಳ ಬಿಲ್ ಮುಗಿಸಿ.
> 3. ಕ್ಯಾಷನ್ನು ಇಬ್ಬರೂ ಬೇರೆಬೇರೆಯಾಗಿ ಎಣಿಸಿ. ಮೊತ್ತವನ್ನು ಇಬ್ಬರೂ ಬರೆದು ಸಹಿ ಹಾಕಿ.
> 4. ಬಿಲ್ಲಿಂಗ್ ಲೆಕ್ಕಕ್ಕೂ ಎಣಿಕೆಗೂ ವ್ಯತ್ಯಾಸ ಬಂದರೆ ಎಷ್ಟೆಂದು ಬರೆದಿಡಿ, ಕೈಯಿಂದ ಸರಿಹೊಂದಿಸಬೇಡಿ.
> 5. ಪ ಕ್ಯಾಷನ್ನು ಲಾಕರ್‌ಗೆ ಹಾಕಿ, ಹಿಂಬಾಗಿಲು ನೋಡಿ, ಶೆಟರ್‌ಗೆ ಬೀಗ ಹಾಕಿ. ‘ಮುಚ್ಚಿದೆ’ ಎಂದು ಮ್ಯಾನೇಜರ್‌ಗೆ ಮೆಸೇಜ್ ಮಾಡಿ.

ಲಾಕರ್ ನಂಬರು, ಅಲಾರಂ ಕೋಡು ಇವು ಯಾವ ಕಾರಣಕ್ಕೂ ಹಾಳೆಗಾಗಲಿ ಗ್ರೂಪಿಗಾಗಲಿ ಬರಬಾರದು. ಮ್ಯಾನೇಜರ್ ಅವಸರದಲ್ಲಿ ಮೆಸೇಜಿನಲ್ಲೇ ಬರೆದಿದ್ದರೆ ನಿಮ್ಮ ಬರಹದಲ್ಲಿ ತೆಗೆದುಬಿಡಿ, ಮೂಲವನ್ನು ಅಳಿಸಲು ಹೇಳಿ, ಕೋಡ್ ಬದಲಿಸಲು ನೆನಪಿಸಿ.

## ಕಳಿಸುವುದು, ತಿದ್ದುವುದು

ಕಳಿಸುವ ಮೊದಲು ಈ ಸಂಗತಿಯಲ್ಲಿ ಇಲ್ಲದ ಯಾರಿಗಾದರೂ ಹಾಳೆ ಕೊಟ್ಟು ಓದಿಸಿ. ‘ಚ ನಾಳೆ ಎಷ್ಟು ಗಂಟೆಗೆ ಬರಬೇಕು, ಬಂದು ಮೊದಲು ಏನು ಮಾಡಬೇಕು?’ ಎಂದು ಕೇಳಿ. ನೋಡದೆ ಹೇಳಿದರೆ ಸರಿ. ‘ಬಹುಶಃ’ ಎಂದು ಶುರು ಮಾಡಿದರೆ ಆ ಸಾಲನ್ನು ಮತ್ತೆ ಬರೆಯಿರಿ.

ಹಾಳೆಯ ತಲೆಯಲ್ಲಿ ಹೊರಟ ಹೊತ್ತು ಹಾಕಿ: ‘ಸೋಮವಾರ, ಮಾರ್ಚ್ 10, 16:20’. ಹಳೆಯ ಮೆಸೇಜಿಗೆ ಉತ್ತರವಾಗಿ ‘ಇದರ ಬದಲು ಕೆಳಗಿನ ಹಾಳೆ ನೋಡಿ’ ಎಂದು ಬರೆಯಿರಿ, ಇಲ್ಲದಿದ್ದರೆ ಗ್ರೂಪಿನಲ್ಲಿ ಎರಡು ಸೂಚನೆ ಉಳಿಯುತ್ತವೆ. ಆಮೇಲೆ ಏನಾದರೂ ಬದಲಾದರೆ ‘ಚ 7:00 ಅಲ್ಲ, 6:45’ ಎಂಬ ತುಣುಕು ಬೇಡ. ‘ತಿದ್ದುಪಡಿ 1, 18:10’ ಎಂದು ಬರೆದು ಪೂರ್ತಿ ಪಟ್ಟಿಯನ್ನೇ ಮತ್ತೆ ಹಾಕಿ. ತುಣುಕು ನೋಡಿ ಪಟ್ಟಿ ನೋಡದವರು, ಪಟ್ಟಿ ನೋಡಿ ತುಣುಕು ನೋಡದವರು ಎರಡೂ ಬಗೆಯವರಿರುತ್ತಾರೆ.

ಮೆಸೇಜಿಗೆ ಬಂದ ಹೆಬ್ಬೆರಳ ಇಮೋಜಿಯನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯಬೇಡಿ, ಓದದೆಯೂ ಒತ್ತಬಹುದು. ಪಾಳಿ ಬದಲಾದವರು ತಮ್ಮ ಗಂಟೆಯನ್ನು ಬರೆದು ಉತ್ತರಿಸಲಿ: ‘ಮಂಗಳವಾರ 7:00, ಬರುತ್ತೇನೆ, ಕೀ ಸಿಕ್ಕಿದೆ.’ 20:00ರೊಳಗೆ ಆ ಉತ್ತರ ಬಾರದಿದ್ದರೆ ಫೋನ್ ಮಾಡಿ.

ಪ್ರತಿ ಮೆಸೇಜಿಗೂ ಇಷ್ಟೆಲ್ಲ ಬೇಡ. ‘ಕೌಂಟರ್ 2ಕ್ಕೆ ಬನ್ನಿ’ ಎಂಬುದನ್ನು ಹಾಳೆ ಮಾಡಲು ಕೂತರೆ ಗಿರಾಕಿ ಹೊರಟುಹೋಗುತ್ತಾರೆ. ಇನ್ನೊಬ್ಬರ ಪಾಳಿ, ದುಡ್ಡು, ಕೀ ಅಥವಾ ಮಾರುವ ಸರಕಿನ ಸುರಕ್ಷತೆ ಮುಟ್ಟುವ ಮೆಸೇಜಿಗೆ ಮಾತ್ರ ಈ ಕ್ರಮ. ಫ್ರಿಜ್ ತಪಾಸಣೆಯಂತೆ ವಾರವಾರವೂ ಬರುವ ಕೆಲಸವನ್ನು ಒಮ್ಮೆ ಸರಿಯಾಗಿ ಬರೆದು ಫ್ರಿಜ್ ಪಕ್ಕದಲ್ಲೇ ಅಂಟಿಸಿಬಿಡಿ. ಮುಂದೆ ಹಾಳೆಯಲ್ಲಿ ‘ಪ, ಫ್ರಿಜ್ ತಪಾಸಣೆ, 13:15’ ಎಂಬ ಒಂದು ಸಾಲು ಸಾಕು.